ಚಂದ್ರ ಸ್ಫುಟದಿಂದ ವಿಂಶೋತ್ತರಿ ದಶೆ: ಜನನ ಕಾಲದ ಶಿಷ್ಟವನ್ನು ಕೈಯಾರೆ ಲೆಕ್ಕ ಹಾಕುವುದು

ಯಾವುದೇ ಜಾತಕ ತೆಗೆದು ನೋಡಿ. ಕುಂಡಲಿಯ ಕೆಳಗೆ ಇಂಥದ್ದೊಂದು ಸಾಲು ಇರುತ್ತದೆ: "ಜನನ ಕಾಲಕ್ಕೆ ಶನಿ ದಶಾ ಶಿಷ್ಟ ವರ್ಷ 18, ತಿಂಗಳು 0, ದಿನ 26." ಮುಂದಿನ ದಶೆ, ಭುಕ್ತಿಗಳ ತಾರೀಖುಗಳೆಲ್ಲ ಈ ಒಂದೇ ಸಾಲಿನ ಮೇಲೆ ನಿಂತಿವೆ. ಆದರೆ ಒಂದೇ ಮಗುವಿನ ಜನನ ಸಮಯವನ್ನು ಎರಡು ಆ್ಯಪ್‌ಗಳಿಗೆ ಕೊಟ್ಟರೆ ಈ ಸಾಲು ಬೇರೆ ಬೇರೆ ಬರುವುದುಂಟು. ಒಮ್ಮೊಮ್ಮೆ ಎರಡು ವರ್ಷದ ಅಂತರವೂ ಇರುತ್ತದೆ. ಆಗ ಯಾವುದನ್ನು ನಂಬುವುದು?

ಲೆಕ್ಕ ಗೊತ್ತಿದ್ದರೆ ಈ ಗೊಂದಲ ಹತ್ತು ನಿಮಿಷದಲ್ಲಿ ಬಿಡಿಸಿಹೋಗುತ್ತದೆ. ಇದಕ್ಕೆ ಬೇಕಾದ ಗಣಿತ ಶಾಲೆಯಲ್ಲಿ ಕಲಿತ ತ್ರೈರಾಶಿಕ, ಅಷ್ಟೇ. ಚಂದ್ರ ತನ್ನ ನಕ್ಷತ್ರದಲ್ಲಿ ಎಷ್ಟು ದೂರ ನಡೆದಿದ್ದಾನೋ, ದಶೆಯಲ್ಲಿ ಅಷ್ಟು ಪಾಲು ಕಳೆದಿದೆ. ಇನ್ನೆಷ್ಟು ದೂರ ಉಳಿದಿದೆಯೋ ಅಷ್ಟು ಪಾಲು ಶಿಷ್ಟ.

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಒಂದು ಘಳಿಗೆಯನ್ನು ತೆಗೆದುಕೊಳ್ಳೋಣ. 1947ರ ಆಗಸ್ಟ್ 15, ರಾತ್ರಿ 12 ಗಂಟೆ, ದೆಹಲಿ. ಸ್ವತಂತ್ರ ಭಾರತದ ಜಾತಕ ಎಂದು ಜ್ಯೋತಿಷಿಗಳು ಬರೆಯುವುದು ಇದೇ ಸಮಯಕ್ಕೆ. ಆ ಹೊತ್ತಿಗೆ ಲಾಹಿರಿ ಅಯನಾಂಶದ ಪ್ರಕಾರ ಚಂದ್ರ ಕಟಕ ರಾಶಿಯಲ್ಲಿ 3 ಅಂಶ 59 ಕಲೆಯಲ್ಲಿದ್ದ. ಚಂದ್ರ ಸ್ಫುಟ ಎನ್ನುವುದು ಇದನ್ನೇ. ನಮ್ಮ ಕೈಗೆ ಬೇಕಾದ ಮೂಲ ಸಂಖ್ಯೆ ಇದೊಂದೇ.

ಮೊದಲು ಅಳತೆ ಮತ್ತು ಅನುಕ್ರಮ

ಪೂರ್ತಿ ರಾಶಿಚಕ್ರ 360 ಅಂಶ. ಅದನ್ನು 27 ನಕ್ಷತ್ರಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ 13 ಅಂಶ 20 ಕಲೆ. ಒಂದು ಅಂಶಕ್ಕೆ 60 ಕಲೆಯಾದ್ದರಿಂದ ಒಂದು ನಕ್ಷತ್ರಕ್ಕೆ 800 ಕಲೆ. ಈ 800 ಎಂಬ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅಂಶದಲ್ಲಿ ಲೆಕ್ಕ ಮಾಡಲು ಹೋದರೆ 13.333 ಎಂಬ ಮುಗಿಯದ ದಶಮಾಂಶ ಕಾಡುತ್ತದೆ. ಕಲೆಯಲ್ಲಿ ಮಾಡಿದರೆ ಎಲ್ಲವೂ ಪೂರ್ಣಾಂಕ.

ಇನ್ನು ದಶೆಗಳು. ಒಂಬತ್ತು ಗ್ರಹಗಳಿಗೆ ಒಟ್ಟು 120 ವರ್ಷ. ರವಿಗೆ 6, ಚಂದ್ರನಿಗೆ 10, ಕುಜನಿಗೆ 7, ರಾಹುವಿಗೆ 18, ಗುರುವಿಗೆ 16, ಶನಿಗೆ 19, ಬುಧನಿಗೆ 17, ಕೇತುವಿಗೆ 7, ಶುಕ್ರನಿಗೆ 20. ಅನುಕ್ರಮವೂ ಇದೇ. ಹಳಬರು ಇದನ್ನು "ಆ ಚಂ ಕು ರಾ ಜೀ ಶ ಬು ಕೇ ಶು" ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಆದಿತ್ಯ, ಚಂದ್ರ, ಕುಜ, ರಾಹು, ಜೀವ ಅಂದರೆ ಗುರು, ಹೀಗೆ ಮೊದಲಕ್ಷರಗಳು. ಎರಡು ಸಲ ಜೋರಾಗಿ ಹೇಳಿಕೊಂಡರೆ ಮರೆಯುವುದಿಲ್ಲ.

ಎಣಿಕೆ ಶುರುವಾಗುವುದು ಅಶ್ವಿನಿಯಿಂದಲ್ಲ, ಕೃತ್ತಿಕೆಯಿಂದ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಕೃತ್ತಿಕೆಗೆ ರವಿ, ರೋಹಿಣಿಗೆ ಚಂದ್ರ, ಮೃಗಶಿರಕ್ಕೆ ಕುಜ, ಆರ್ದ್ರೆಗೆ ರಾಹು, ಪುನರ್ವಸುವಿಗೆ ಗುರು, ಪುಷ್ಯಕ್ಕೆ ಶನಿ, ಆಶ್ಲೇಷಕ್ಕೆ ಬುಧ, ಮಘೆಗೆ ಕೇತು, ಪುಬ್ಬೆಗೆ ಶುಕ್ರ. ಒಂಬತ್ತು ಮುಗಿಯಿತು. ಮತ್ತೆ ಉತ್ತರೆಗೆ ರವಿ, ಹಸ್ತಕ್ಕೆ ಚಂದ್ರ ಎಂದು ಎರಡನೇ ಸುತ್ತು. ಉತ್ತರಾಷಾಢದಿಂದ ಮೂರನೇ ಸುತ್ತು. ಮೂರನೇ ಸುತ್ತಿನ ಕೊನೆಯಲ್ಲಿ ರೇವತಿಗೆ ಬುಧ, ಅಶ್ವಿನಿಗೆ ಕೇತು, ಭರಣಿಗೆ ಶುಕ್ರ ಬರುತ್ತಾರೆ. ಅಲ್ಲಿಗೆ ಒಬ್ಬೊಬ್ಬ ಗ್ರಹಕ್ಕೆ ಮೂರು ಮೂರು ನಕ್ಷತ್ರ.

ಇಲ್ಲೊಂದು ಮಾತು. ನಮ್ಮ ರೈತರ ಬಾಯಲ್ಲಿ ಪುಷ್ಯ ಮಳೆ, ಆಶ್ಲೇಷ ಮಳೆ ಎಂದು ಈ ಹೆಸರುಗಳು ಸದಾ ಓಡಾಡುತ್ತವೆ. ಆ ಮಳೆಗಳ ಲೆಕ್ಕ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರ ಮೇಲೆ. ಅಲ್ಲಿ ಒಂದು ನಕ್ಷತ್ರ ಹದಿಮೂರು, ಹದಿನಾಲ್ಕು ದಿನ ಇರುತ್ತದೆ. ದಶೆಗೆ ಬೇಕಾದದ್ದು ಚಂದ್ರನ ನಕ್ಷತ್ರ. ಅದು ದಿನಕ್ಕೊಂದು ಬದಲಾಗುತ್ತದೆ. "ಪುಷ್ಯ ಮಳೆಯಲ್ಲಿ ಹುಟ್ಟಿದ್ದು" ಅಂದ ಮಾತ್ರಕ್ಕೆ ಜನ್ಮ ನಕ್ಷತ್ರ ಪುಷ್ಯ ಆಗುವುದಿಲ್ಲ.

ಹೆಜ್ಜೆ 1: ಸ್ಫುಟವನ್ನು ಕಲೆಗೆ ತನ್ನಿ

ಕಟಕ 3 ಅಂಶ 59 ಕಲೆ ಎಂದರೆ ಮೇಷ, ವೃಷಭ, ಮಿಥುನ ಈ ಮೂರು ರಾಶಿಗಳು ಪೂರ್ತಿ ಮುಗಿದು ನಾಲ್ಕನೆಯದರಲ್ಲಿ ಸ್ವಲ್ಪ ದೂರ. ಕಟಕ ನಾಲ್ಕನೇ ರಾಶಿ ಎಂದು ನಾಲ್ಕರಿಂದ ಗುಣಿಸಬೇಡಿ. ಮುಗಿದ ರಾಶಿಗಳು ಮೂರೇ.

ಮೂರು ರಾಶಿಗೆ 90 ಅಂಶ. ಅದಕ್ಕೆ 3 ಸೇರಿಸಿದರೆ 93 ಅಂಶ 59 ಕಲೆ. 93ನ್ನು 60ರಿಂದ ಗುಣಿಸಿದರೆ 5580. ಅದಕ್ಕೆ 59 ಕೂಡಿಸಿದರೆ 5639 ಕಲೆ.

ಈ ಹೆಜ್ಜೆಯಲ್ಲಿ ಒಂದು ದೊಡ್ಡ ಎಚ್ಚರಿಕೆ ಬೇಕು. ಸ್ಫುಟ ನಿರಯನವಾಗಿರಬೇಕು, ಅಂದರೆ ಸ್ಥಿರ ನಕ್ಷತ್ರಗಳನ್ನು ಆಧರಿಸಿ ಅಳೆದದ್ದು. ಪಾಶ್ಚಾತ್ಯ ಪದ್ಧತಿಯ ವೆಬ್‌ಸೈಟುಗಳು ಕೊಡುವುದು ವಿಷುವ ಬಿಂದುವಿನಿಂದ ಅಳೆದ ಸಾಯನ ಸ್ಫುಟ. ಎರಡರ ನಡುವಿನ ಅಂತರವೇ ಅಯನಾಂಶ, ಸಾಯನದಿಂದ ಅದನ್ನು ಕಳೆದರೆ ನಿರಯನ. 1947ರ ಆಗಸ್ಟ್‌ನಲ್ಲಿ ಲಾಹಿರಿ ಅಯನಾಂಶ ಸುಮಾರು 23 ಅಂಶ 8 ಕಲೆ ಇತ್ತು. ಆದ್ದರಿಂದ ಅದೇ ಚಂದ್ರ ಸಾಯನದಲ್ಲಿ ಕಟಕ 27 ಅಂಶದ ಹತ್ತಿರ ಕಾಣುತ್ತಾನೆ. ರಾಶಿಯ ಹೆಸರು ಎರಡರಲ್ಲೂ ಕಟಕವೇ! ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ 27 ಅಂಶ ಎಂದರೆ ಆಶ್ಲೇಷ. ದಶೆ ಶನಿಯ ಬದಲು ಬುಧನದಾಗುತ್ತದೆ, ಶಿಷ್ಟವೂ 18 ವರ್ಷದ ಬದಲು ನಾಲ್ಕು ವರ್ಷವೂ ಇರುವುದಿಲ್ಲ. ಇದನ್ನು ಹಿಡಿಯುವುದು ಸುಲಭ. ಆ ದಿನದ ಪಂಚಾಂಗದಲ್ಲಿ ನಕ್ಷತ್ರ ಯಾವುದು ಎಂದು ನೋಡಿ. ನಿಮಗೆ ಬಂದ ನಕ್ಷತ್ರ ಪಂಚಾಂಗಕ್ಕಿಂತ ಒಂದೋ ಎರಡೋ ಮುಂದಿದ್ದರೆ ಅಯನಾಂಶ ಕಳೆಯುವುದು ಮರೆತಿದ್ದೀರಿ ಎಂದೇ ಅರ್ಥ.

ಹೆಜ್ಜೆ 2: 800ರಿಂದ ಭಾಗಿಸಿ

5639ನ್ನು 800ರಿಂದ ಭಾಗಿಸಿದರೆ ಭಾಗಲಬ್ಧ 7, ಶೇಷ 39. ಏಳು ನಕ್ಷತ್ರ ಮುಗಿದಿವೆ. ಅಶ್ವಿನಿಯಿಂದ ಎಣಿಸಿದರೆ ಏಳನೆಯದು ಪುನರ್ವಸು. ಅದು ಮುಗಿದು ಎಂಟನೆಯದಾದ ಪುಷ್ಯದಲ್ಲಿ ಚಂದ್ರ 39 ಕಲೆ ನಡೆದಿದ್ದಾನೆ.

ಈಗ ಕೃತ್ತಿಕೆಯಿಂದ ಎಣಿಸಿ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರೆ, ಪುನರ್ವಸು, ಪುಷ್ಯ. ಆರನೆಯದು. ಆ ಚಂ ಕು ರಾ ಜೀ ಶ. ಶನಿ ದಶೆ, 19 ವರ್ಷ. ಎಣಿಕೆ ಒಂಬತ್ತನ್ನು ಮೀರಿದರೆ ಒಂಬತ್ತರಿಂದ ಭಾಗಿಸಿ ಶೇಷ ನೋಡಿ. ಶೇಷ ಸೊನ್ನೆ ಬಂದರೆ ಅದು ಒಂಬತ್ತನೆಯ ಗ್ರಹ, ಅಂದರೆ ಶುಕ್ರ.

ಹೆಜ್ಜೆ 3: ಶಿಷ್ಟ ತೆಗೆಯಿರಿ

800 ಕಲೆಯಲ್ಲಿ 39 ಕಳೆದಿದೆ, 761 ಉಳಿದಿದೆ. 800 ಕಲೆಗೆ 19 ವರ್ಷವಾದರೆ 761 ಕಲೆಗೆ ಎಷ್ಟು?

19 × 761 ÷ 800 = 18.07375 ವರ್ಷ.

ಪೂರ್ಣಾಂಕ 18 ವರ್ಷ. ಉಳಿದ 0.07375ನ್ನು 12ರಿಂದ ಗುಣಿಸಿದರೆ 0.885 ತಿಂಗಳು. ಪೂರ್ತಿ ತಿಂಗಳು ಇಲ್ಲ, ಆದ್ದರಿಂದ ತಿಂಗಳು 0. ಆ 0.885ನ್ನು 30ರಿಂದ ಗುಣಿಸಿದರೆ 26.55 ದಿನ. ಮೊದಲು ನೋಡಿದ ಸಾಲು ಬಂತಲ್ವಾ? ಶನಿ ದಶಾ ಶಿಷ್ಟ ವರ್ಷ 18, ತಿಂಗಳು 0, ದಿನ 26.

ಕಳೆದ ಭಾಗವನ್ನೂ ತೆಗೆದು ತಾಳೆ ನೋಡುವುದು ಒಳ್ಳೆಯದು. 19 × 39 ÷ 800 = 0.92625 ವರ್ಷ. ಅಂದರೆ 11 ತಿಂಗಳು 3.45 ದಿನ. ಎರಡನ್ನೂ ಕೂಡಿಸಿದರೆ ಸರಿಯಾಗಿ 19 ವರ್ಷ ಬರಬೇಕು, ಬರುತ್ತದೆ.

ಕಾಗದದ ಬದಲು ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರಿಗೆ ಮೂರೇ ಸಾಲು ಸಾಕು. A1ರಲ್ಲಿ ಸ್ಫುಟವನ್ನು ಒಟ್ಟು ಕಲೆಗಳಲ್ಲಿ ಬರೆಯಿರಿ, ಇಲ್ಲಿ 5639. B1ರಲ್ಲಿ ದಶೆಯ ವರ್ಷ. A2ರಿಂದ A4ರವರೆಗೆ ಈ ಸೂತ್ರಗಳು:

```
=INT(A1/800)+1
=MOD(A1,800)
=B1*(800-A3)/800
```

ಮೊದಲನೆಯದು ಅಶ್ವಿನಿಯಿಂದ ನಕ್ಷತ್ರ ಸಂಖ್ಯೆ, ಎರಡನೆಯದು ಕಳೆದ ಕಲೆ, ಮೂರನೆಯದು ಶಿಷ್ಟ ವರ್ಷ. ನಕ್ಷತ್ರ ನೋಡಿದ ಮೇಲೆ B1 ತುಂಬಿ.

ಹೆಜ್ಜೆ 4: ತಾರೀಖುಗಳ ಸಾಲು

1947 ಆಗಸ್ಟ್ 15ಕ್ಕೆ 18 ವರ್ಷ 26 ದಿನ ಸೇರಿಸಿದರೆ 1965 ಸೆಪ್ಟೆಂಬರ್ 10. ಅಂದು ಶನಿ ದಶೆ ಮುಗಿಯುತ್ತದೆ. ಇಲ್ಲಿಂದ ಮುಂದೆ ಬರೀ ಕೂಡಿಸುವ ಕೆಲಸ. ಬುಧ 17 ವರ್ಷ, 1982ರವರೆಗೆ. ಕೇತು 7, 1989ರವರೆಗೆ. ಶುಕ್ರ 20, 2009ರವರೆಗೆ. ರವಿ 6, 2015ರವರೆಗೆ. ಚಂದ್ರ 10, 2025ರವರೆಗೆ. ಕುಜ 7, 2032ರವರೆಗೆ. ರಾಹು 18, 2050ರವರೆಗೆ. ಗುರು 16, 2066ರವರೆಗೆ. ಎಲ್ಲವೂ ಸೆಪ್ಟೆಂಬರ್ 10ಕ್ಕೇ ಮುಗಿಯುತ್ತವೆ.

ಇಡೀ ಸಾಲಿಗೆ ಒಂದು ತಾಳೆ ಇದೆ. ಜನನದಿಂದ ಒಂಬತ್ತನೇ ದಶೆಯ ಕೊನೆಯವರೆಗಿನ ಅವಧಿಗೆ, ಹುಟ್ಟುವ ಮೊದಲೇ ಕಳೆದ ಭಾಗವನ್ನು ಸೇರಿಸಿದರೆ 120 ವರ್ಷ ಆಗಬೇಕು. ಇಲ್ಲಿ 119 ವರ್ಷ 26 ದಿನ, ಜೊತೆಗೆ 11 ತಿಂಗಳು 3 ದಿನ ಚಿಲ್ಲರೆ. ಸರಿಹೋಯಿತು. ಆಗದಿದ್ದರೆ ನಡುವೆ ಒಂದು ಗ್ರಹ ಬಿಟ್ಟಿದ್ದೀರಿ ಅಥವಾ ಎರಡು ಸಲ ಬರೆದಿದ್ದೀರಿ.

ಹೆಜ್ಜೆ 5: ಹುಟ್ಟಿದಾಗ ನಡೆಯುತ್ತಿದ್ದ ಭುಕ್ತಿ

ಶಿಷ್ಟ ಸರಿಯಾಗಿ ತೆಗೆದವರೂ ತಪ್ಪುವ ಜಾಗ ಇದು. ಶಿಷ್ಟವಾಗಿ ಉಳಿದ 18 ವರ್ಷವನ್ನೇ ಒಂಬತ್ತು ಭುಕ್ತಿಗಳಿಗೆ ಹಂಚಿಬಿಡುತ್ತಾರೆ. ಅದು ತಪ್ಪು. ಭುಕ್ತಿಗಳು ಪೂರ್ತಿ 19 ವರ್ಷದ ದಶೆಯ ಭಾಗಗಳು. ಮಗು ಹುಟ್ಟುವ ಮೊದಲೇ ದಶೆ ಶುರುವಾಗಿತ್ತು, ಒಂದಷ್ಟು ಭುಕ್ತಿಯೂ ಕಳೆದಿತ್ತು ಎಂದು ತಿಳಿಯಬೇಕು.

ಆದ್ದರಿಂದ ದಶೆ ಮುಗಿಯುವ ತಾರೀಖಿನಿಂದ ಹಿಂದಕ್ಕೆ ಹೋಗಿ. 1965 ಸೆಪ್ಟೆಂಬರ್ 10ರಿಂದ 19 ವರ್ಷ ಹಿಂದೆ, 1946 ಸೆಪ್ಟೆಂಬರ್ 10. ಶನಿ ದಶೆ ಶುರುವಾದದ್ದು ಅಂದು. (ಜನನದಿಂದ 11 ತಿಂಗಳು 3 ದಿನ ಹಿಂದೆ ಹೋದರೆ ಒಂದೆರಡು ದಿನ ಹೆಚ್ಚುಕಮ್ಮಿ ಬರುತ್ತದೆ. ತಿಂಗಳುಗಳೆಲ್ಲ 30 ದಿನದವಲ್ಲವಲ್ಲ, ಅದಕ್ಕೆ.)

ಭುಕ್ತಿಯ ಅವಧಿಗೆ ಒಂದು ಸೊಗಸಾದ ಅಡ್ಡದಾರಿ ಇದೆ. ದಶಾನಾಥನ ವರ್ಷವನ್ನು ಭುಕ್ತಿನಾಥನ ವರ್ಷದಿಂದ ಗುಣಿಸಿ. ಬಂದ ಸಂಖ್ಯೆಯ ಕೊನೆಯ ಅಂಕೆಯನ್ನು ಮೂರರಿಂದ ಗುಣಿಸಿದರೆ ದಿನ. ಅದರ ಎಡಗಡೆ ಉಳಿದದ್ದು ತಿಂಗಳು. ಶನಿ ದಶೆಯಲ್ಲಿ ಶನಿ ಭುಕ್ತಿಗೆ 19 × 19 = 361. ಕೊನೆಯ ಅಂಕೆ 1, ಅಂದರೆ 3 ದಿನ. ಉಳಿದ 36 ತಿಂಗಳು. ಒಟ್ಟು 3 ವರ್ಷ 3 ದಿನ. ಮೊದಲ ಭುಕ್ತಿ ಯಾವಾಗಲೂ ದಶಾನಾಥನದೇ. ಆಮೇಲೆ ಅದೇ ಅನುಕ್ರಮ.

1946 ಸೆಪ್ಟೆಂಬರ್ 10ಕ್ಕೆ 3 ವರ್ಷ 3 ದಿನ ಸೇರಿಸಿದರೆ 1949 ಸೆಪ್ಟೆಂಬರ್ 13. ಅಂದರೆ ಹುಟ್ಟಿದಾಗ ಶನಿ ದಶೆಯಲ್ಲಿ ಶನಿ ಭುಕ್ತಿಯೇ ನಡೆಯುತ್ತಿತ್ತು, ಇನ್ನೂ ಎರಡು ವರ್ಷ ಚಿಲ್ಲರೆ ಬಾಕಿ ಇತ್ತು. ಮುಂದಿನದು ಬುಧ ಭುಕ್ತಿ. 19 × 17 = 323. ಅಂದರೆ 32 ತಿಂಗಳು 9 ದಿನ. ಅದು 1952 ಮೇ 22ಕ್ಕೆ ಮುಗಿಯುತ್ತದೆ. ಉಳಿದವನ್ನು ಹೀಗೇ ಬರೆದುಕೊಂಡು ಹೋಗಿ. ಕೊನೆಯದಾದ ಗುರು ಭುಕ್ತಿ 1965 ಸೆಪ್ಟೆಂಬರ್ 10ರ ಆಸುಪಾಸಿಗೇ ಬಂದು ನಿಲ್ಲಬೇಕು.

ಪಂಚಾಂಗ ಮಾತ್ರ ಕೈಯಲ್ಲಿದ್ದರೆ

ಹಿಂದೆ ಊರಿನ ಜೋಯಿಸರು ಸ್ಫುಟದ ಗೋಜಿಗೆ ಹೋಗದೆ ಪಂಚಾಂಗದಿಂದಲೇ ಶಿಷ್ಟ ತೆಗೆಯುತ್ತಿದ್ದರು. ಪಂಚಾಂಗದಲ್ಲಿ ನಕ್ಷತ್ರ ಎಷ್ಟು ಘಳಿಗೆಗೆ ಮುಗಿಯುತ್ತದೆ ಎಂದು ಇರುತ್ತದಲ್ಲ, ಅದೇ ಸಾಕು. ದೂರದ ಬದಲು ಕಾಲದಲ್ಲಿ ತ್ರೈರಾಶಿಕ.

ಒಂದು ಲೆಕ್ಕ ನೋಡೋಣ. ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ. ನಿನ್ನೆ ಅಶ್ವಿನಿ 38 ಘಳಿಗೆ 20 ವಿಘಳಿಗೆಗೆ ಮುಗಿಯಿತು. ಇವತ್ತು ಭರಣಿ 33 ಘಳಿಗೆ 30 ವಿಘಳಿಗೆಯವರೆಗೆ ಇದೆ. ಮಗು ಹುಟ್ಟಿದ್ದು ಇವತ್ತು ಸೂರ್ಯೋದಯದಿಂದ 12 ಘಳಿಗೆಗೆ. ನಿನ್ನೆ ಭರಣಿಗೆ ಸಿಕ್ಕಿದ್ದು 60ರಲ್ಲಿ ಉಳಿದ 21 ಘಳಿಗೆ 40 ವಿಘಳಿಗೆ. ಅದಕ್ಕೆ ಇವತ್ತಿನ 33–30 ಸೇರಿಸಿದರೆ ಭರಣಿಯ ಒಟ್ಟು ಅವಧಿ 55 ಘಳಿಗೆ 10 ವಿಘಳಿಗೆ. ಇದು ಪರಮ ಘಳಿಗೆ. ವಿಘಳಿಗೆಯಲ್ಲಿ 3310. ಜನನದಿಂದ ಭರಣಿ ಮುಗಿಯುವವರೆಗೆ 21 ಘಳಿಗೆ 30 ವಿಘಳಿಗೆ, ಅಂದರೆ 1290 ವಿಘಳಿಗೆ. ಇದು ಏಷ್ಯ. ಭರಣಿಗೆ ಶುಕ್ರ, 20 ವರ್ಷ. 20 × 1290 ÷ 3310 = 7.79 ವರ್ಷ. ಅಂದರೆ 7 ವರ್ಷ 9 ತಿಂಗಳು 16 ದಿನ.

ಇಲ್ಲಿ ಪರಮ ಘಳಿಗೆಯನ್ನು ಲೆಕ್ಕ ಹಾಕದೆ ಸುಮ್ನೆ 60 ಎಂದು ಹಿಡಿಯುವ ಅಭ್ಯಾಸ ಕೆಲವರಲ್ಲಿದೆ. ಅದು ದುಬಾರಿ ತಪ್ಪು. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಭೂಮಿಗೆ ಹತ್ತಿರ ಬಂದಾಗ ದಿನಕ್ಕೆ 15 ಅಂಶಕ್ಕೂ ಜಾಸ್ತಿ ಓಡುತ್ತಾನೆ, ದೂರ ಹೋದಾಗ 12ಕ್ಕಿಂತ ಕಡಿಮೆ. ಹಾಗಾಗಿ ಒಂದು ನಕ್ಷತ್ರ 21 ಗಂಟೆಯಲ್ಲೂ ಮುಗಿಯಬಹುದು, 27 ಗಂಟೆಯೂ ಹಿಡಿಯಬಹುದು. ಮೇಲಿನ ಲೆಕ್ಕದಲ್ಲೇ ಕಳೆದ 33 ಘಳಿಗೆ 40 ವಿಘಳಿಗೆಯನ್ನು 60ಕ್ಕೆ ಹೋಲಿಸಿದರೆ ಶಿಷ್ಟ 8 ವರ್ಷ 9 ತಿಂಗಳು 10 ದಿನ ಆಗುತ್ತದೆ. ಹತ್ತಿರಹತ್ತಿರ ಒಂದು ವರ್ಷ ವ್ಯತ್ಯಾಸ!

ಘಳಿಗೆ ಲೆಕ್ಕವನ್ನು ಸರಿಯಾಗಿ ಮಾಡಿದರೂ ಸ್ಫುಟದ ಲೆಕ್ಕಕ್ಕೂ ಅದಕ್ಕೂ ಕೆಲವು ದಿನಗಳ ಅಂತರ ಬರಬಹುದು. ಒಂದೇ ನಕ್ಷತ್ರದ ಒಳಗೂ ಚಂದ್ರನ ವೇಗ ಸ್ವಲ್ಪ ಬದಲಾಗುತ್ತಿರುತ್ತದೆ. ಎರಡೂ ಸಿಗುವಾಗ ನಾನು ಸ್ಫುಟವನ್ನೇ ಹಿಡಿಯುತ್ತೇನೆ. ಇನ್ನೊಂದು ವಿಷಯ. ನಕ್ಷತ್ರ ಮುಗಿಯುವ ಕ್ಷಣ ಗಡಿಯಾರದಲ್ಲಿ ಬೀದರಿಗೂ ಮಂಗಳೂರಿಗೂ ಒಂದೇ. ಆದರೆ ಘಳಿಗೆ ಎಣಿಸುವುದು ಸೂರ್ಯೋದಯದಿಂದ, ಅದು ಊರಿಂದೂರಿಗೆ ಬೇರೆ. ಪಂಚಾಂಗ ಯಾವ ಊರಿನ ಸೂರ್ಯೋದಯಕ್ಕೆ ಬರೆದದ್ದು ಎಂದು ನೋಡಿ, ಅದನ್ನು ಗಂಟೆಗೆ ತಿರುಗಿಸಿಕೊಂಡೇ ಮುಂದುವರಿಯಿರಿ.

ಎರಡು ಉತ್ತರ ಬಂದಾಗ ಕಾರಣ ಹುಡುಕುವುದು

ನನಗೆ ಈ ಲೆಕ್ಕದಲ್ಲಿ ತುಂಬ ಇಷ್ಟವಾದ ಭಾಗ ಇದು. ಒಂದು ವರ್ಷಕ್ಕೆ 365.25 ದಿನ ಎಂದಿಟ್ಟುಕೊಂಡು 800ರಿಂದ ಭಾಗಿಸಿದರೆ 0.4566. ಚಂದ್ರನಲ್ಲಿ ಒಂದು ಕಲೆ ವ್ಯತ್ಯಾಸವಾದರೆ, ದಶೆಯ ಒಂದೊಂದು ವರ್ಷಕ್ಕೂ ಇಷ್ಟು ದಿನದಂತೆ ಶಿಷ್ಟ ಜರುಗುತ್ತದೆ. ಶನಿಗೆ 19ರಿಂದ ಗುಣಿಸಿದರೆ ಒಂದು ಕಲೆಗೆ 8.7 ದಿನ. ಶುಕ್ರನಿಗೆ 9 ದಿನಕ್ಕೆ ಸ್ವಲ್ಪ ಜಾಸ್ತಿ. ರವಿಗೆ ಮೂರು ದಿನವೂ ಇಲ್ಲ.

ಇದನ್ನೇ ತಿರುಗಿಸಿ ಬಳಸಿ. ಎರಡು ಜಾತಕಗಳ ದಶಾಂತ್ಯದ ತಾರೀಖುಗಳ ಅಂತರವನ್ನು ದಿನಗಳಲ್ಲಿ ತೆಗೆಯಿರಿ. ದಶಾ ವರ್ಷ × 0.4566ರಿಂದ ಭಾಗಿಸಿ. ಎಷ್ಟು ಕಲೆ ವ್ಯತ್ಯಾಸ ಎಂದು ಸಿಗುತ್ತದೆ. ಆ ಸಂಖ್ಯೆಯೇ ಕಾರಣವನ್ನು ಹೇಳುತ್ತದೆ.

ಸುಮಾರು 87 ಕಲೆ ಬಂದರೆ ಒಂದರಲ್ಲಿ ಲಾಹಿರಿ, ಇನ್ನೊಂದರಲ್ಲಿ ರಾಮನ್ ಅಯನಾಂಶ ಇದೆ. ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶ ಲಾಹಿರಿಗಿಂತ ಸುಮಾರು ಅಷ್ಟು ಕಡಿಮೆ. ನಮ್ಮಲ್ಲಿ ಅದನ್ನು ಬಳಸಿ ಬರೆದ ಜಾತಕಗಳು ಬೇಕಾದಷ್ಟಿವೆ. ಅಯನಾಂಶ ಕಡಿಮೆಯಾದರೆ ನಿರಯನ ಸ್ಫುಟ ಮುಂದಕ್ಕೆ ಹೋಗುತ್ತದೆ, ಶಿಷ್ಟ ಕಡಿಮೆಯಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಕಳೆದ ಕಲೆ 39ರ ಬದಲು 126 ಆಗುತ್ತದೆ. ಶಿಷ್ಟ 18 ವರ್ಷದ ಬದಲು 16 ವರ್ಷ 2 ದಿನ. ಶನಿ ದಶೆ 1965ರ ಬದಲು 1963ರ ಆಗಸ್ಟ್‌ನಲ್ಲೇ ಮುಗಿಯುತ್ತದೆ. ನಕ್ಷತ್ರ ಅದೇ, ದಶೆ ಅದೇ, ಆದರೆ ತಾರೀಖು ಎರಡು ವರ್ಷ ಹಿಂದೆ. ಲೆಕ್ಕದಲ್ಲಿ ಯಾರೂ ತಪ್ಪಿಲ್ಲ. ಜಾತಕ ಬರೆದವರು ಅಯನಾಂಶದ ಹೆಸರು ಬರೆಯದೇ ಹೋದದ್ದು ತಪ್ಪು. ದಯವಿಟ್ಟು ನೀವು ಬರೆಯುವ ಜಾತಕದಲ್ಲಿ ಶಿಷ್ಟದ ಪಕ್ಕದಲ್ಲೇ ಅದನ್ನು ನಮೂದಿಸಿ.

ಸುಮಾರು 6 ಕಲೆ ಬಂದರೆ ಕೆ.ಪಿ., ಅಂದರೆ ಕೃಷ್ಣಮೂರ್ತಿ ಪದ್ಧತಿಯ ಅಯನಾಂಶ. ಶನಿಯಲ್ಲಿ ಅದು 52 ದಿನ. ಇಲ್ಲಿ ದಶಾಂತ್ಯ 1965ರ ಜುಲೈ 20ಕ್ಕೆ ಹೋಗುತ್ತದೆ.

ಸುಮಾರು 33 ಕಲೆ ಬಂದರೆ ಅಯನಾಂಶವನ್ನು ಬಿಟ್ಟು ಗಡಿಯಾರದ ಕಡೆ ನೋಡಿ. ಚಂದ್ರ ಸರಾಸರಿ ಒಂದು ಗಂಟೆಗೆ ಅಷ್ಟು ನಡೆಯುತ್ತಾನೆ. ಅಂದರೆ ಎಲ್ಲೋ ಒಂದು ಗಂಟೆ ಹೆಚ್ಚುಕಮ್ಮಿಯಾಗಿದೆ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಹುಟ್ಟಿದ ಮಕ್ಕಳಿಗೆ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದನ್ನು ಮರೆತು ಹೀಗಾಗುತ್ತದೆ. ಭಾರತದಲ್ಲೂ ಇಂಥದ್ದೊಂದು ಕಾಲ ಇತ್ತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942 ಸೆಪ್ಟೆಂಬರ್‌ನಿಂದ 1945 ಅಕ್ಟೋಬರ್ ಮಧ್ಯದವರೆಗೆ, ದೇಶದ ಗಡಿಯಾರ ಒಂದು ಗಂಟೆ ಮುಂದಿತ್ತು. ಆ ಮೂರು ವರ್ಷಗಳಲ್ಲಿ ಹುಟ್ಟಿದ ಅಜ್ಜ ಅಜ್ಜಿಯರ ಸಮಯ ಗಡಿಯಾರ ನೋಡಿ ಬರೆದದ್ದಾದರೆ ಒಂದು ಗಂಟೆ ಕಳೆಯಬೇಕು. ಸೂರ್ಯೋದಯದಿಂದ ಘಳಿಗೆ ಲೆಕ್ಕದಲ್ಲಿ ಬರೆದದ್ದಾದರೆ ಕಳೆಯಬಾರದು. ಶನಿ ದಶೆಯಲ್ಲಿ ಈ ಒಂದು ಗಂಟೆಯ ಬೆಲೆ ಒಂಬತ್ತು ತಿಂಗಳಿಗೂ ಜಾಸ್ತಿ.

ಜನನ ಸಮಯದ ಒಂದು ನಿಮಿಷಕ್ಕೆ ಚಂದ್ರ ಅರ್ಧ ಕಲೆಗೆ ಸ್ವಲ್ಪ ಮೇಲೆ ಚಲಿಸುತ್ತಾನೆ. ಶುಕ್ರ ದಶೆಯಲ್ಲಿ ಅದು 5 ದಿನ, ರವಿ ದಶೆಯಲ್ಲಿ ಒಂದೂವರೆ ದಿನ. "ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ" ಎಂದು ಅಂದಾಜಿನಲ್ಲಿ ಹೇಳಿದ ಸಮಯಕ್ಕೆ ಶಿಷ್ಟದ ದಿನಗಳನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಸಮಯದಲ್ಲಿ ಹದಿನೈದು ನಿಮಿಷ ಅನುಮಾನವಿದ್ದರೆ ಶನಿ ದಶೆಯಲ್ಲಿ ಎರಡು ತಿಂಗಳಿಗೂ ಜಾಸ್ತಿ ಅನುಮಾನ ಇದ್ದೇ ಇರುತ್ತದೆ.

ಕೊನೆಯದು ವರ್ಷದ ಅಳತೆ. ಕೆಲವರು ದಶೆಯ ವರ್ಷಕ್ಕೆ 365.25 ದಿನ ಹಿಡಿಯುತ್ತಾರೆ, ಕೆಲವರು 360 ದಿನದ ಸಾವನ ವರ್ಷ ಹಿಡಿಯುತ್ತಾರೆ. ಇದರ ಗುರುತೇ ಬೇರೆ. ಎರಡು ಜಾತಕಗಳಲ್ಲೂ ಶಿಷ್ಟ ಒಂದೇ ಇರುತ್ತದೆ, ವರ್ಷ 18, ತಿಂಗಳು 0, ದಿನ 26. ಆದರೆ ತಾರೀಖು ಬೇರೆ. ನಮ್ಮ ಉದಾಹರಣೆಯಲ್ಲಿ 360 ದಿನದ ವರ್ಷ ಹಿಡಿದರೆ ಶನಿ ದಶೆ 1965 ಜೂನ್ 7ಕ್ಕೇ ಮುಗಿಯುತ್ತದೆ, ಮೂರು ತಿಂಗಳು ಮೊದಲು. ಮುಂದೆ ಹೋದಂತೆ ಅಂತರ ಬೆಳೆಯುತ್ತಲೇ ಹೋಗುತ್ತದೆ. 120 ವರ್ಷಕ್ಕೆ 630 ದಿನ. ಅಯನಾಂಶದ ಅಥವಾ ಗಡಿಯಾರದ ವ್ಯತ್ಯಾಸವಾದರೆ ಮೊದಲ ದಶೆಯಲ್ಲಿ ಬಂದ ಅಂತರವೇ ಕೊನೆಯವರೆಗೂ ಹಾಗೇ ಇರುತ್ತದೆ, ಬೆಳೆಯುವುದಿಲ್ಲ. ಆದ್ದರಿಂದ ಯಾವಾಗಲೂ ಮೊದಲ ದಶೆ ಮತ್ತು ಕೊನೆಯ ದಶೆ ಎರಡರ ತಾರೀಖನ್ನೂ ಹೋಲಿಸಿ ನೋಡಿ. ಆಮೇಲೆ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ವರ್ಷದ ಅಳತೆ ಏನಿದೆ ನೋಡಿ.

ನಕ್ಷತ್ರ ಸಂಧಿಯ ಭಯ

ಸ್ವಾತಂತ್ರ್ಯದ ಜಾತಕದಲ್ಲಿ ಚಂದ್ರ ಪುಷ್ಯ ಹೊಕ್ಕು 39 ಕಲೆ ಮಾತ್ರ ಆಗಿತ್ತು. ಸರಾಸರಿ ವೇಗದಲ್ಲಿ ನೋಡಿದರೂ ಒಂದು ಗಂಟೆ ಹತ್ತು ನಿಮಿಷದ ದಾರಿ. ಸಮಯ ಅಷ್ಟು ಹಿಂದೆ ಹೋಗಿದ್ದರೆ ನಕ್ಷತ್ರ ಪುನರ್ವಸು, ದಶೆ ಗುರುವಿನದು. ಇಂಥ ಗಡಿಯಲ್ಲಿ ಹುಟ್ಟಿದವರ ಮನೆಯಲ್ಲಿ "ಒಂದು ನಿಮಿಷ ತಪ್ಪಿದರೂ ದಶೆಯೆಲ್ಲ ತಲೆಕೆಳಗು" ಎಂಬ ಆತಂಕ ಇರುತ್ತದೆ.

ಲೆಕ್ಕ ಬೇರೆಯೇ ಹೇಳುತ್ತದೆ. ಪುನರ್ವಸುವಿನ ಕೊನೆಯ ಕಲೆಯಲ್ಲಿ ಹುಟ್ಟಿದರೆ ಗುರು ದಶಾ ಶಿಷ್ಟ ಒಂದು ವಾರದಷ್ಟು. ಆಮೇಲೆ ಪೂರ್ತಿ 19 ವರ್ಷ ಶನಿ. ಪುಷ್ಯದ ಮೊದಲ ಕಲೆಯಲ್ಲಿ ಹುಟ್ಟಿದರೆ ಶನಿಯ 19 ವರ್ಷದಲ್ಲಿ ಸುಮಾರು ಒಂಬತ್ತು ದಿನವಷ್ಟೇ ಕಡಿಮೆ. ಎರಡರಲ್ಲೂ ಶನಿ ದಶೆ ಮುಗಿಯುವುದು ಹದಿನಾರು ದಿನಗಳ ಅಂತರದಲ್ಲಿ, ಬುಧ ಶುರುವಾಗುವುದೂ ಹಾಗೆಯೇ. ಗಡಿಯಲ್ಲಿ ಮೊದಲ ದಶೆಯ ಹೆಸರು ಬದಲಾಗುತ್ತದೆ, ತಾರೀಖುಗಳು ಎಗರುವುದಿಲ್ಲ. ಒಂದು ನಕ್ಷತ್ರದ ಕೊನೆ ಇನ್ನೊಂದರ ಮೊದಲಿಗೆ ಅಂಟಿಕೊಂಡೇ ಇದೆ, ದಶೆಗಳೂ ಹಾಗೆಯೇ. ಜನ್ಮ ನಕ್ಷತ್ರದ ಹೆಸರು ಬೇಕಾಗುವ ನಾಮಕರಣ, ಸಾಲಾವಳಿಗಳಿಗೆ ಆ ಒಂದು ನಿಮಿಷ ಮುಖ್ಯವಾಗುತ್ತದೆ. ದಶೆಯ ತಾರೀಖಿಗೆ ಆ ನಿಮಿಷದ ಬೆಲೆ, ನಕ್ಷತ್ರದ ನಡುವೆ ಇದ್ದಾಗ ಎಷ್ಟೋ ಗಡಿಯಲ್ಲೂ ಅಷ್ಟೇ: ನಾಲ್ಕೈದು ದಿನ.